ಎಲುಬಿಲ್ಲದ ಮುರಿತ

ಮಂಗೋರ್ ಹಿಲ್ ಬಡಾವಣೆಯ ಒಂದೇ ಕೋಣೆಯ ಮನೆಯಲ್ಲಿ ಯಮನೂರ, ನಂದಾ ಇಬ್ಬರೇ ಉಳಿಯುವುದು ಅಪರೂಪ. ಆ ಭಾನುವಾರ ಮಧ್ಯಾಹ್ನ ಯಮನೂರನ ತಾಯಿ ಸಾವಂತ್ರೆವ್ವ ಮೊಮ್ಮಗಳನ್ನು ಕರೆದುಕೊಂಡು ಬೀಗರ ಮನೆಗೆ ಹೋಗಿದ್ದಳು. ಗಂಡಹೆಂಡತಿ ಬಾಗಿಲು ಹಾಕಿಕೊಂಡರು.

ನಂದಾ ಮೇಲಿದ್ದಳು. ಹಿಡಿತ ತಪ್ಪಿ ಅವಳ ಮೈಭಾರವೆಲ್ಲ ಅವನ ಶಿಶ್ನದ ಮೇಲೆ ಬಿತ್ತು. ‘ಲಟಕ್’ ಎಂದ ಸದ್ದು ಇಬ್ಬರಿಗೂ ಕೇಳಿಸಿತು. ಯಮನೂರ ಹಲ್ಲು ಕಚ್ಚಿ ಮಗ್ಗುಲಿಗೆ ಮುದುಡಿದ. ನಿಮಿರಿದ್ದದ್ದು ತಟ್ಟನೆ ಇಳಿಯಿತು. ನೋಡನೋಡುತ್ತ ಬದನೆಕಾಯಿಯಂತೆ ಊದಿ, ಕಪ್ಪು ನೇರಳೆಯಾಗಿ ಒಂದು ಕಡೆ ವಾಲಿತು.

“ಯಾರ ಮುಂದೂ ಹೇಳಬ್ಯಾಡ. ಎಣ್ಣಿ ಹಚ್ಚಿ ತಿಕ್ಕಿದ್ರ ಇಳೀತದ.”

“ಮುಟ್ಟಬ್ಯಾಡ್ರಿ. ಸಪ್ಪಳ ನಾನೂ ಕೇಳೇನಿ.”

ನಂದಾ ಎದುರು ಮನೆಯ ಶಾಹೀನಳಿಂದ ಐಸ್ ತಂದು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಪೆಟ್ಟಾಗಿದೆ ಎಂದಷ್ಟೇ ಹೇಳಿದ್ದಕ್ಕೆ ಶಾಹೀನ ಮತ್ತೇನೂ ಕೇಳದೆ ಗಂಡ ಮುಸ್ತಾಕನನ್ನು ಎಬ್ಬಿಸಿ ರಿಕ್ಷಾ ಹೊರಡಿಸಿದಳು.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ಸ್ನೇಹಲ್ ಬೆಳಗಾವಿಯವಳು, ಇವರ ಮಾತೇ ಆಡುವವಳು. ಹೆಣ್ಣುಮಗಳನ್ನು ಕಂಡು ಯಮನೂರ ಮುಖ ಗೋಡೆಗೆ ತಿರುಗಿಸಿದ. “ಬಚ್ಚಲದಾಗ ಜಾರಿ ಬಿದ್ದೆ.”

“ಹಂಗಲ್ಲರಿ,” ಎಂದಳು ನಂದಾ. “ನಾವಿಬ್ಬರೂ ಕೂಡಿದ್ದಾಗ ಆಗೇತಿ. ಲಟಕ್ ಅಂತು.”

ಸ್ನೇಹಲ್ ಪರದೆ ಎಳೆದು, ಮೆತ್ತಗೆ ಕೇಳಿದಳು: “ಒಂದಕ್ಕ ಹೋಗಿದ್ರೇನು? ರಕ್ತ ಬಂತೇನು?” ಹೋಗಿದ್ದೇನೆ, ರಕ್ತ ಬಂದಿಲ್ಲ ಎಂದ.

“ಅದರಾಗ ಎಲುಬಿಲ್ಲರಿ. ನಿಮಿರಿದಾಗ ರಕ್ತ ಹಿಡಿದಿಡೋ ಗಟ್ಟಿ ಪದರ ಹರದಂಗ ಕಾಣಸ್ತದ. ಇವತ್ತ ತೆರೆದು ನೋಡಿ ಹೊಲಿಗಿ ಹಾಕೋದು ಚಲೋ. ಬಿಟ್ರ ಸೊಟ್ಟ ಆಗಬಹುದು, ಮುಂದ ನಿಮಿರೋದೂ ಕಷ್ಟ.”

“ನನ್ನಿಂದನ ಆತಲ್ರಿ,” ನಂದಾ ಸೆರಗು ಬಾಯಿಗೊತ್ತಿ ಅತ್ತಳು.

“ಯಾರ ತಪ್ಪೂ ಅಲ್ಲವ್ವ. ಇಂಥವರು ಭಾಳ ಮಂದಿ ನಾಚಿಕಿಗೆ ಮನ್ಯಾಗ ಕುಂತು ಕೆಡಸ್ಕೋತಾರ. ನೀವು ಲಗೂನ ಬಂದ್ರಿ, ಖರೇ ಹೇಳಿದ್ರಿ.”

ಯಮನೂರ ಗೋಡೆಯಿಂದ ಮುಖ ತಿರುಗಿಸಿ ಹೆಂಡತಿಯ ಕೈ ಹಿಡಿದ.

ಸಂಜೆಯೇ ಆಪರೇಷನ್ ಆಯಿತು. ಪದರ ಒಂದು ಕಡೆ ಹರಿದಿತ್ತು, ಮೂತ್ರನಾಳಕ್ಕೆ ಪೆಟ್ಟಿರಲಿಲ್ಲ. ಫೋನಿನಲ್ಲಿ ಗಾಬರಿಯಾದ ಸಾವಂತ್ರೆವ್ವನಿಗೆ ನಂದಾ, “ಗಂಡಸರ ಜಾಗಕ್ಕ ಪೆಟ್ಟಾಗಿತ್ತು ಅತ್ತಿ, ಹೊಲಿಗಿ ಹಾಕ್ಯಾರ, ಆರಾಮದಾರ,” ಎಂದಳು. “ಹುಡುಗಿ ನನ್ನ ಹತ್ರನ ಇರಲಿ. ನೀ ಉಂಡಿಯೇನು?” ಎಂದಳು ಮುದುಕಿ.

ಆರು ವಾರ ಕೂಡಬೇಡಿ ಎಂದಿದ್ದರು. ಆಮೇಲೆ ತೋರಿಸಿದಾಗ ಎಲ್ಲ ನೆಟ್ಟಗಿತ್ತು. ಹೊಲಿಗೆಯ ಜಾಗದಲ್ಲಿ ಸಣ್ಣ ಗಂಟಿನಂತೆ ಕೈಗೆ ಹತ್ತುತ್ತಿತ್ತು, ಅದಕ್ಕೆ ಹೆದರಬೇಕಿಲ್ಲ ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ನಂದಾ ಮೆಲ್ಲಗೆ, “ನನಗಿನ್ನೂ ಅಂಜಿಕಿ ಐತ್ರಿ,” ಎಂದಳು.

“ನನಗೂ ಐತಿ,” ಎಂದ ಯಮನೂರ. “ಅವಸರ ಯಾರಿಗೈತಿ ಬಿಡು.”