ಶಹಾನಾಳ ಕೊನೆಯ ಮೂರು ಚಿತ್ರಗಳು

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಮಹಾಲಿಂಗಣ್ಣನ ಡಿಟಿಪಿ ಅಂಗಡಿಯಲ್ಲಿ ದೀಪಶ್ರೀ ಮದುವೆ ಕಾಗದಕ್ಕೆ ಗಣಪತಿಯನ್ನು ಅಂಟಿಸುತ್ತಿದ್ದಾಗ ಶಹಾನಾ ಒಳಗೆ ಬಂದಳು. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಕಾಲೇಜು ಪತ್ರಿಕೆಯ ಮುಖಪುಟಕ್ಕೆ ಇಬ್ಬರೂ ಚಿತ್ರ ಕೊಟ್ಟಿದ್ದರು. ಸುಕುಮಾರ ಮೇಷ್ಟ್ರು ಶಹಾನಾಳದ್ದನ್ನು ಆರಿಸಿದ್ದರು. ಅಂದಿನಿಂದ ದೀಪಶ್ರೀ ಬಣ್ಣದ ಪೆಟ್ಟಿಗೆ ಮುಟ್ಟಿಲ್ಲ. ಶಹಾನಾಳಿಗೆ ಅದು ಗೊತ್ತೂ ಇಲ್ಲ. ಗೊತ್ತಿಲ್ಲದ್ದೇ ಹೆಚ್ಚು ಉರಿಯುವುದು.

ಶಹಾನಾಳ ಮುಖ ಬಾಡಿತ್ತು. ಮೈಸೂರಿನ ಚಿತ್ರಕಲಾ ಶಾಲೆಗೆ ಅರ್ಜಿಯ ಜೊತೆ ಚಿತ್ರಗಳ ಪಿಡಿಎಫ್ ಕಳಿಸಬೇಕು, ಇವತ್ತು ಸಂಜೆಯೇ ಕೊನೆ. ಸ್ಟುಡಿಯೋದಲ್ಲಿ ಕಾಪಿ ಆಗುತ್ತಿದ್ದಾಗಲೇ ತಮ್ಮ ರಿಯಾಝ್ ಪೆನ್‌ಡ್ರೈವ್ ಕಿತ್ತಿದ್ದ. ಸ್ಕ್ಯಾನ್ ಮಾಡಿಕೊಟ್ಟ ಸ್ಟುಡಿಯೋದವರು ತಮ್ಮಲ್ಲಿದ್ದುದನ್ನು ಅಳಿಸಿಯೂ ಆಗಿತ್ತು. ಮೂಲ ಚಿತ್ರಗಳು ಕೋಝಿಕ್ಕೋಡಿನ ಒಂದು ಪ್ರದರ್ಶನಕ್ಕೆ ಹೋದವು ಇನ್ನೂ ತಿರುಗಿ ಬಂದಿಲ್ಲ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಅವಳು ಸ್ಟೂಲಿನ ಮೇಲೆ ಕುಸಿದಳು.

ದೀಪಶ್ರೀ ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು, ಅದರದೇ ಇನ್ನೊಂದು ಪ್ರತಿ ಮಾಡಿದಳು, ಮೂಲವನ್ನು ಮುಟ್ಟಬಾರದು. ತೆರೆಯಲು ಹೋದರೆ ಫೈಲ್ ಹಾಳಾಗಿದೆ ಎಂದಿತು. ಫೈಲಿನ ಒಳಗಿನ ಅಕ್ಷರ, ಅಂಕಿಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನೋಡಿದಾಗ ಮೊದಲ ಸಾಲು ಸರಿ ಇತ್ತು. ಕೊನೆಯಲ್ಲಿ ಇರಬೇಕಾದ ಮುಕ್ತಾಯದ ಗುರುತೇ ಇಲ್ಲ. ಬಾಲ ಕಡಿದಿದೆ. ಯಾವ ಪುಟ ಎಲ್ಲಿದೆ ಎಂದು ಹೇಳುವ ಪಟ್ಟಿ ಆ ಬಾಲದಲ್ಲೇ ಇರುವುದು. ಅದಿಲ್ಲದಿದ್ದರೆ ಉಳಿದದ್ದು ಇದ್ದರೂ ಕಾಣುವುದಿಲ್ಲ.

ರಿಪೇರಿಯ ಸಾಫ್ಟ್‌ವೇರ್ ಓಡಿಸಿದಳು. ಅದು ಫೈಲನ್ನು ಮೊದಲಿನಿಂದ ಹುಡುಕಿ ಹೊಸ ಪಟ್ಟಿ ಕಟ್ಟಿತು. ಇಪ್ಪತ್ತೊಂದು ಪುಟ ತೆರೆದುಕೊಂಡವು.

"ಇಪ್ಪತ್ನಾಲ್ಕು ಇತ್ತು," ಅಂದಳು ಶಹಾನಾ. ಆಮೇಲೆ, "ಇಷ್ಟಾದ್ರೂ ಬಂತಲ್ಲ, ಸಾಕು. ನೀನಿಲ್ಲದಿದ್ರೆ ನಾನು ಎಂತ ಮಾಡ್ತಿದ್ದೆ ಮಾರಾಯ್ತಿ."

ನಮಾಜಿಗೆ ಹೊತ್ತಾಯಿತೆಂದು ಅವಳು ಹೊರಟಳು, ಬರುವಾಗ ನಿನಗೂ ಚಹಾ ತರುತ್ತೇನೆಂದು ಹೇಳಿ.

ದೀಪಶ್ರೀಗೆ ಒಂದು ವಿಷಯ ಗೊತ್ತಿತ್ತು. ಆ ಸ್ಕ್ಯಾನರಿನ ಫೈಲು ಮೂರು ಮೂರು ಚಿತ್ರಗಳನ್ನು ಮೊದಲು ಬರೆದು, ಅವನ್ನು ಯಾವ ಪುಟದಲ್ಲಿ ಇಡಬೇಕೆಂಬ ವಿವರವನ್ನು ನಂತರ ಬರೆಯುತ್ತಿತ್ತು. ಪುಟದ ವಿವರ ಕಡಿದುಹೋಗಿದ್ದರೂ ಚಿತ್ರ ಒಳಗೇ ಇರಬಹುದು. ಸಾಫ್ಟ್‌ವೇರ್ ಪುಟಗಳನ್ನಷ್ಟೇ ಎಣಿಸಿತ್ತು. ತಾನು ಹೇಳದಿದ್ದರೆ ಬೇರೆ ಹೇಳುವವರು ಯಾರೂ ಇಲ್ಲ. ಶಹಾನಾಳೇ ಸಾಕು ಅಂದಿದ್ದಾಳೆ. ಕೊನೆಗಿಟ್ಟ ಚಿತ್ರಗಳು ಒಳ್ಳೆಯವೇ ಇರಬೇಕು, ಹಾಗೆಯೇ ಅಲ್ಲವೇ ಎಲ್ಲರೂ ಇಡುವುದು. ಅವಿಲ್ಲದೆ ಅರ್ಜಿ ಹೋಗಲಿ. ಹೋದರೆ ಎಂತ?

ಆದರೆ ನೋಡದೆ ಇರುವುದಕ್ಕೆ ಅವಳಿಗೆ ಆಗಲಿಲ್ಲ. ಸಹಾಯಕ್ಕಲ್ಲ, ಶಹಾನಾ ಎಷ್ಟು ಮುಂದೆ ಹೋಗಿದ್ದಾಳೆ ಎಂದು ತಿಳಿಯುವುದಕ್ಕೆ. ಹೆಕ್ಸ್ ಎಡಿಟರಿನಲ್ಲಿ ಜೆಪೆಗ್ ಚಿತ್ರ ಶುರುವಾಗುವ ಗುರುತನ್ನು ಹುಡುಕಿ, ಮುಗಿಯುವ ಗುರುತಿನವರೆಗೆ ಕತ್ತರಿಸಿ, ಬೇರೆ ಫೈಲಾಗಿ ಉಳಿಸಿದಳು. ಎರಡು ಪೂರ್ತಿ ಸಿಕ್ಕವು. ಮೂರನೆಯದಕ್ಕೆ ಮುಗಿಯುವ ಗುರುತೇ ಇರಲಿಲ್ಲ. ತೆರೆದಾಗ ಮೇಲರ್ಧ ಮೀನುಮಾರುಕಟ್ಟೆ, ಕೆಳಗರ್ಧ ಬೂದು.

ಎರಡನೆಯದರಲ್ಲಿ ಅಜ್ಜಿಯೊಬ್ಬಳು ಮಿಂದು ಬಂದು ತಲೆ ಬಾಚಿಕೊಳ್ಳುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಒದ್ದೆಕೂದಲಿನ ಭಾರಕ್ಕೆ ಕತ್ತು ತುಸು ವಾಲಿತ್ತು, ಅಷ್ಟೇ. ದೀಪಶ್ರೀ ಚಿತ್ರವನ್ನು ದೊಡ್ಡದು ಮಾಡಿ ಆ ಕತ್ತಿನ ಗೆರೆಯನ್ನೇ ನೋಡಿದಳು. ಈ ಕತ್ತನ್ನು ತಾನು ಹತ್ತು ವರ್ಷ ಕೂತರೂ ಬರೆಯಲಾರೆ. ಬೆರಳು ಡಿಲೀಟ್ ಗುಂಡಿಯ ಮೇಲೆ ಹೋಗಿ ಕೂತಿತು.

ಅಷ್ಟರಲ್ಲಿ ಶಹಾನಾ ಚಹಾ ಹಿಡಿದುಕೊಂಡು ಬಂದು ಪರದೆ ನೋಡಿದಳು.

"ಇದು ಹೇಗೆ ಸಿಕ್ಕಿತು?"

"ಒಳಗೇ ಇತ್ತು. ಎರಡು ಪೂರ್ತಿ ಉಂಟು, ಒಂದು ಅರ್ಧ."

ಶಹಾನಾ ಅಜ್ಜಿಯ ಚಿತ್ರ ನೋಡಿ ಮೂಗು ಮುರಿದಳು. ಕೊನೆಯ ಮೂರು ಪುಟ ಭರ್ತಿ ಮಾಡಲು ಸುಮ್ಮನೆ ಹಾಕಿದ್ದಂತೆ. ಇದಂತೂ ಅವಳ ಅಜ್ಜಿ, ಉಮ್ಮಾಮ, ಕರೆದಾಗ ಎದ್ದು ಹೋಗುವ ಮೊದಲು ಗೀಚಿದ್ದಂತೆ, ಮುಖವೂ ಇಲ್ಲ. "ಅರ್ಧದ್ದು ಬಿಡು. ಇದು ಬೇಕಾ ಬೇಡ್ವಾ, ನೀನೇ ಹೇಳು. ನಿನ್ನ ಕಣ್ಣು ಒಳ್ಳೆದುಂಟು."

ಬೇಡ ಅಂದರೆ ಸಾಕಿತ್ತು. ಶಹಾನಾ ಒಪ್ಪುತ್ತಿದ್ದಳು, ಮರು ಮಾತಿಲ್ಲದೆ ತೆಗೆಯುತ್ತಿದ್ದಳು. ಅಷ್ಟು ಸುಲಭವಿತ್ತು.

"ಇದನ್ನು ಮೊದಲ ಪುಟಕ್ಕೆ ಹಾಕು," ಎಂದಳು ದೀಪಶ್ರೀ. ಮಾತು ಸಿಟ್ಟಿನಲ್ಲಿ ಬಂದ ಹಾಗಿತ್ತು.

"ಮೊದಲ ಪುಟಕ್ಕಾ?"

"ಕೇಳಿದ್ದಕ್ಕೆ ಹೇಳಿದೆ."

ಇಪ್ಪತ್ತಮೂರು ಪುಟಗಳನ್ನು ಜೋಡಿಸಿ ಹೊಸ ಪಿಡಿಎಫ್ ಮಾಡಿ, ಪುಟಪುಟವನ್ನೂ ತೆರೆದು ನೋಡಿ, ದೀಪಶ್ರೀಯೇ ಮೇಲ್ ಕಳಿಸಿದಳು. ಶಹಾನಾ ಅವಳ ಕೈ ಹಿಡಿದು ಅದುಮಿದಳು. ದೀಪಶ್ರೀ ಬಿಡಿಸಿಕೊಂಡು, ಚಹಾ ಆರುತ್ತದೆ ಅಂದಳು. ಹೊಟ್ಟೆಯ ಉರಿ ಆರಿರಲಿಲ್ಲ, ಸ್ವಲ್ಪವೂ.