ಒದ್ದೆ ಸೀರೆಗೆ ಅಂಗಡಿ ಮಡಿಕೆ

ಸೀರೆ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮಡಿಕೆ ಮೇಷ್ಟ್ರು ಅಂತಲೇ. ಗಿರಾಕಿಗಳು ರಾಶಿ ಹಾಕಿಸಿ, ಮುಟ್ಟಿ ನೋಡಿ, ಮೂಗು ಮುರಿದು ಎದ್ದು ಹೋದ ಮೇಲೆ ಆ ಸೀರೆಗಳನ್ನೆಲ್ಲ ಮತ್ತೆ ಹೊಸದರಂತೆ ಮಡಿಸುವುದರಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಮಗಳ ಅಂಗಿಯಿಂದ ಹಿಡಿದು ಒಲೆ ಒರೆಸುವ ಬಟ್ಟೆಯವರೆಗೆ ಎಲ್ಲಕ್ಕೂ ಅಂಗಡಿ ಮಡಿಕೆಯೇ.

"ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಮಲಗಿದ್ರೆ ನನ್ನನ್ನೂ ಮಡಿಸಿ ಬೀರುಲಿ ಇಟ್ಟುಬಿಡ್ತೀರಿ" ಅಂತ ಹೆಂಡತಿ ರೇಗಿಸುವುದಿತ್ತು.

ಅವತ್ತು ಅವನಿಗೆ ರಜೆ. ಅವಳಿಗೆ ಮಾತ್ರ ಬೆಳಗಿನಿಂದ ಜೀವ ಕೈಯಲ್ಲಿತ್ತು. ಅವನ ಅತ್ತಿಗೆಯ ಸೀರೆ ಒಗೆಯಬೇಕಿತ್ತು.

ಸೀರೆ ಬರೀ ಸೀರೆಯಾಗಿದ್ದರೆ ಇಷ್ಟು ದಿಗಿಲು ಇರುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು ಅವನ ಅಣ್ಣನ ಮನೆಗೂ ಇವರ ಮನೆಗೂ ಹೋಗಿ ಬರುವುದು ನಿಂತು ಬಹಳ ಕಾಲವಾಗಿತ್ತು. ಮೊನ್ನೆ ಒಂದು ಮದುವೆಗೆ ಮುಂಚೆ ಅತ್ತಿಗೆಯೇ ಫೋನ್ ಮಾಡಿ, "ಉಟ್ಕೊಳ್ಳೋಕೆ ಒಳ್ಳೇದು ಇದೆಯೇನೇ? ಇಲ್ದಿದ್ರೆ ನಂದು ಕಳಿಸ್ತೀನಿ" ಅಂದಿದ್ದಳು. ಬಂದದ್ದು ಕೈಮಗ್ಗದ ರೇಷ್ಮೆ. ಕೆನೆ ಬಣ್ಣದ ಒಡಲು, ದಾಳಿಂಬೆ ಬಣ್ಣದ ಅಂಚು, ಅಂಚಿನ ತುಂಬ ಜರಿ. ಮದುವೆಮನೆಯಲ್ಲಿ ಮಗಳು ಕುಡಿದ ಹಾಲನ್ನೆಲ್ಲ ಅಮ್ಮನ ನೆರಿಗೆಯ ಮೇಲೆ ಕಕ್ಕಿದಳು. ಡ್ರೈಕ್ಲೀನಿಂಗಿನವನು ಮುಂದಿನ ವಾರ ಅಂದ. ಅತ್ತಿಗೆ ಸೀರೆಗೆ ಇವತ್ತು ಸಂಜೆಯೇ ಬರುವವಳಿದ್ದಳು.

ಹೆಂಡತಿ ಆತುರಪಡಲಿಲ್ಲ. ಒದ್ದೆ ಮಾಡಿದ ಬಿಳಿ ಕರವಸ್ತ್ರವನ್ನು ಅಂಚಿನ ಒಳಮೂಲೆಗೆ ಒತ್ತಿ ನೋಡಿದಳು. ಕರವಸ್ತ್ರ ಕೆಂಪಾಯಿತು.

"ಬಣ್ಣ ಬಿಡುತ್ತೆ. ಇದನ್ನ ನೆನೆಹಾಕೋ ಹಾಗಿಲ್ಲ" ಅಂದಳು.

ಅಂಚನ್ನೂ ಸೆರಗನ್ನೂ ಒಟ್ಟುಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟಬ್ಬಿನ ಹೊರಗಿಟ್ಟು, ಒಡಲನ್ನಷ್ಟೇ ತಣ್ಣೀರಿಗೆ ಬಿಟ್ಟಳು. ಬಿಸಿನೀರು ಹಾಕಿದರೆ ಹಾಲಿನ ಕಲೆ ಕಚ್ಚಿಕೊಳ್ಳುತ್ತೆ, ರೇಷ್ಮೆ ಮುದುಡುತ್ತೆ. ಸೋಪಿನ ಪುಡಿ ಬೇಡವೆಂದು ಮಗಳ ತಲೆಗೆ ಹಾಕುವ ಶಾಂಪೂವನ್ನೇ ನಾಲ್ಕು ಹನಿ ಹಾಕಿದಳು. ಉಜ್ಜಲಿಲ್ಲ, ಹಿಂಡಲಿಲ್ಲ. ಅಂಗೈಯಲ್ಲಿ ಒತ್ತಿ ಒತ್ತಿ ಬಿಟ್ಟಳು. ಅಂಚಿಗೂ ಹಾಲು ತಾಗಿದ್ದರಿಂದ ಆಮೇಲೆ ಅದನ್ನು ಬೇರೆಯಾಗಿ ನಲ್ಲಿಯ ಕೆಳಗೆ ಹಿಡಿದು ತೆಗೆದಳು. ಟವೆಲ್ ಹಾಸಿ, ಒಡಲಿಗೆ ತಾಗದಂತೆ ಅಂಚನ್ನು ಬದಿಗೆ ಚಾಚಿ, ಮೇಲೊಂದು ಟವೆಲ್ ಒತ್ತಿ ನೀರು ಹೀರಿಸುತ್ತಿದ್ದಾಗ ಒಳಗೆ ಮಗಳು ಎದ್ದು ಅಳತೊಡಗಿದಳು.

"ಬಂದೆ ಬಂದೆ" ಅನ್ನುತ್ತ ಅವಳು ಓಡಿದಳು.

ಮಡಿಕೆ ಮೇಷ್ಟ್ರು ನೋಡಿದ. ಅಷ್ಟು ಒಳ್ಳೆಯ ಸೀರೆ ಅಡ್ಡಾದಿಡ್ಡಿ ಬಿದ್ದಿದೆ. ಹೀಗೇ ಒಣಗಿದರೆ ಸುಕ್ಕಾಗುವುದಿಲ್ಲವೆ? ಹೆಂಡತಿಗೆ ಒಂದು ಕೆಲಸ ಕಡಿಮೆಯಾಗಲಿ ಅಂದುಕೊಂಡ. ತುದಿಗೆ ತುದಿ ಹಿಡಿದು, ಉದ್ದಕ್ಕೆ ನಾಲ್ಕು ಪದರ ಮಾಡಿ, ಅಂಗಡಿಯ ಗಾಜಿನ ಕಪಾಟಿಗೆ ಇಡಬಹುದಾದಷ್ಟು ಚೊಕ್ಕವಾಗಿ ಮಡಿಸಿದ. ಮಡಿಕೆ ಕೂರಲಿ ಅಂತ ಮೇಲೊಂದು ಮಣೆಯನ್ನೂ ಹೇರಿದ. ಸೀರೆ ಮಾರುತ್ತ ತಲೆ ನರೆಯುತ್ತ ಬಂದವನು ಅವನು. ಆದರೆ ಒಂದು ಸೀರೆಯನ್ನೂ ಒಗೆದವನಲ್ಲ. ಅವನ ಕೈಗೆ ಬಂದದ್ದೆಲ್ಲ ಒಣ ಸೀರೆಗಳೇ.

ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದ ಹೆಂಡತಿ ಮಣೆ ನೋಡಿದವಳೇ ಮಗುವನ್ನು ಅವನ ತೋಳಿಗೆ ದಾಟಿಸಿ ಸೀರೆ ಬಿಚ್ಚಿದಳು. ಅಂಚು ಕೂತಿದ್ದ ಕಡೆಯೆಲ್ಲ ಕೆನೆ ಒಡಲಿನ ಮೇಲೆ ಗುಲಾಬಿ ಪಟ್ಟೆಗಳು ಇಳಿದಿದ್ದವು.

ಅವನು ಮಗುವನ್ನು ಎತ್ತಿಕೊಂಡೇ ಬಗ್ಗಿ ನೋಡಿದ. "ಬೇಗ ಒಣಗಿಸಿ ಇಸ್ತ್ರಿ ಮಾಡಿಬಿಡೋಣ್ವಾ? ಇಸ್ತ್ರಿ ಬಿದ್ರೆ ಸ್ವಲ್ಪ..."

"ಇಸ್ತ್ರಿ ಹೆಸರೆತ್ತಬೇಡಿ. ಒಣಗಿದ್ರೆ, ಕಾವು ತಾಗಿದ್ರೆ ಮುಗೀತು, ಅಲ್ಲೇ ಕೂತ್ಕೊಳ್ಳುತ್ತೆ. ಒದ್ದೆ ಇರೋವರೆಗೆ ಆಸೆ ಇದೆ. ಟಬ್ ತುಂಬಿಸಿ, ತಣ್ಣೀರು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಇದಕ್ಕಿಂತ ಹಗುರವಾಗುತ್ತಿತ್ತು.

ಟಬ್ಬಿನ ಅಂಚಿಗೆ ಒಣ ಟವೆಲ್ ಹಾಸಿ ಸೀರೆಯಂಚನ್ನು ಅದರ ಮೇಲೆ ಹೊರಗೇ ಇಟ್ಟರು. ಪಟ್ಟೆ ಬಿದ್ದ ಒಡಲು ಮಾತ್ರ ನೀರಿಗಿಳಿಯಿತು. ನೀರು ತೆಳ್ಳಗೆ ಕೆಂಪಾಯಿತು. ಅದನ್ನು ಚೆಲ್ಲಿ ಹೊಸ ನೀರು ತುಂಬುತ್ತಿದ್ದಾಗ ಬಾಗಿಲು ಬಡಿದ ಸದ್ದು. ಅತ್ತಿಗೆ ಸಂಜೆಯವರೆಗೆ ಕಾದಿರಲಿಲ್ಲ.

ಹೆಂಡತಿ ಬಣ್ಣಗೆಟ್ಟ ಮುಖದಲ್ಲಿ ಪಿಸುಗುಟ್ಟಿದಳು. "ಇಸ್ತ್ರಿಗೆ ಕೊಟ್ಟಿದೀವಿ ಅಂತ ಹೇಳ್ರೀ. ನಾಳೆ ನಾವೇ ತಂದ್ಕೊಡ್ತೀವಿ ಅಂತ."

ಅವನು ಮಗಳನ್ನೆತ್ತಿಕೊಂಡು ಹೋಗಿ ಬಾಗಿಲು ತೆಗೆದ. ಹೇಳಬೇಕಾದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅತ್ತಿಗೆ ಚಪ್ಪಲಿ ಬಿಡುತ್ತ, ಹಳೆಯದೆಲ್ಲ ಮರೆತವಳಂತೆ ಮಗುವಿನ ಗಲ್ಲ ಹಿಂಡಿದಾಗ ಅದು ಹೊರಗೆ ಬರಲಿಲ್ಲ.

"ಅತ್ತಿಗೆ, ನಿಮ್ಮ ಸೀರೆ ನಾನು ಹಾಳು ಮಾಡಿದೆ. ಅವಳು ಸರಿಯಾಗಿಯೇ ಒಗೆದಿದ್ಲು. ಒದ್ದೇದನ್ನ ನಾನು ಮಡಿಸಿಟ್ಟೆ."

ಅತ್ತಿಗೆ ಸೀದಾ ಬಚ್ಚಲಿಗೆ ನಡೆದಳು. ಟಬ್ಬನ್ನೂ ಓರಗಿತ್ತಿಯನ್ನೂ ನೋಡಿದಳು. ಅವಳ ಹುಬ್ಬು ಗಂಟಾಗಿದ್ದನ್ನು ಅವನು ಹಿಂದಿನಿಂದ ಕನ್ನಡಿಯಲ್ಲಿ ಕಂಡ. ಆಯಿತು, ಮತ್ತೆ ಆ ಮನೆಯ ಬಾಗಿಲು ಮುಚ್ಚಿತು ಅಂದುಕೊಂಡ.

"ಒದ್ದೇದನ್ನ ಯಾರಾದ್ರೂ ಮಡಿಸ್ತಾರೇನೋ?" ಅಂದಳು ಅತ್ತಿಗೆ.

"ಮಣೇನೂ ಹೇರಿದ್ರು ಅಕ್ಕ" ಅಂದಳು ಹೆಂಡತಿ, ತಲೆ ಎತ್ತದೆ.

"ಮಣೆ ಬೇರೆಯಾ?" ಅತ್ತಿಗೆಯ ತುಟಿ ಅಲುಗಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ನಗು ಬಂದೇಬಿಟ್ಟಿತು. "ನಿಮ್ಮಣ್ಣ ಒಂದು ಸಲ ನನ್ನ ರೇಷ್ಮೆ ಸೀರೇನ ಬಿಸಿಲಲ್ಲಿ ಹಾಕಿ ಮರೆತು ಬಂದಿದ್ರು. ಒಂದು ಮಗ್ಗುಲು ಸೀರೆ, ಇನ್ನೊಂದು ಮಗ್ಗುಲು ಬೂದಿ ಬಣ್ಣ. ಒಂದೇ ಹೊಟ್ಟೇಲಿ ಹುಟ್ಟಿದವರು ನೀವು."

ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಳು. "ಉಪ್ಪು ತಗೊಂಡ್ಬಾರೋ. ಉಪ್ಪು ಹಾಕಿದ್ರೆ ಬಣ್ಣ ನಿಲ್ಲುತ್ತೆ."

"ಬೇಡ ಅಕ್ಕ" ಅಂದಳು ಹೆಂಡತಿ ಮೆಲ್ಲಗೆ. "ಈಗ ಬಣ್ಣ ನಿಲ್ಲಬಾರ್ದು, ಹೋಗ್ಬೇಕು. ಉಪ್ಪು ತಾಗಿದ್ರೆ ಜರಿನೂ ಕಪ್ಪಾಗುತ್ತೆ."

ಅತ್ತಿಗೆ ಒಂದು ಗಳಿಗೆ ಅವಳ ಮುಖ ನೋಡಿದಳು. ಇಂಥ ಒಂದು ಮಾತಿಗೇ ಹಿಂದೆ ಎರಡು ಮನೆ ಬೇರೆ ದಿಕ್ಕಾಗಿದ್ದು.

"ಹೌದಲ್ಲ" ಅಂದಳು ಅತ್ತಿಗೆ. "ನಾನು ಹತ್ತಿ ಸೀರೆ ಲೆಕ್ಕದಲ್ಲಿ ಹೇಳಿದೆ. ನೀನು ಹೇಳಿದ ಹಾಗೇ ಆಗ್ಲಿ. ನಾನು ಅಂಚು ಹಿಡ್ಕೊತೀನಿ, ನೀನು ಒಡಲು ಒತ್ತು. ಅವನು ನೀರು ಹೊರಲಿ, ಮಡಿಸೋ ಕೈಗೆ ಒಂದು ಶಿಕ್ಷೆ ಬೇಡ್ವಾ?"

ಅವನು ಮಗಳನ್ನು ಬಚ್ಚಲ ಹೊಸ್ತಿಲ ಹೊರಗೆ ಕೂರಿಸಿ ನೀರು ಹೊತ್ತ. ಒಬ್ಬಳು ಒತ್ತಿದಳು, ಒಬ್ಬಳು ಎತ್ತಿ ಹಿಡಿದಳು. ಕೆಂಪು ನೀರು ಗುಲಾಬಿಯಾಯಿತು, ಗುಲಾಬಿ ಬರೀ ನೆರಳಾಯಿತು, ಕೊನೆಗೊಮ್ಮೆ ಟಬ್ಬಿನ ತಳ ಸ್ವಚ್ಛವಾಗಿ ಕಂಡಿತು. ಸೀರೆ ಎತ್ತಿ ಬೆಳಕಿಗೆ ಹಿಡಿದರು. ಪಟ್ಟೆಗಳು ಹೋಗಿದ್ದವು. ಒಂದು ಕಡೆ ಮಾತ್ರ, ಹುಡುಕಿದವರಿಗೆ ಕಾಣುವಷ್ಟು, ನಸುಗೆಂಪು ಉಳಿದಿತ್ತು.

"ಇದು ಒಳಗೆ ಸಿಕ್ಕಿಸೋ ಜಾಗ" ಅಂದಳು ಅತ್ತಿಗೆ. "ಅಲ್ಲಿ ನೋಡೋಕೆ ಬರೋವರಿಗೆ ನಾನು ಬೇರೇನೇ ಹೇಳ್ತೀನಿ."

ಹೆಂಡತಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

ನಡುಮನೆಯಲ್ಲಿ, ಬಿಸಿಲು ತಾಗದ ಕಡೆ, ಹಗ್ಗಕ್ಕೆ ಹಳೆಯ ಬಿಳಿ ಹೊದಿಕೆ ಹಾಸಿ ಅದರ ಮೇಲೆ ಸೀರೆಯ ಒಳಮೈ ಹೊರಗೆ ಮಾಡಿ ಹರವಿದರು. ಅಂಚು ಎಲ್ಲೂ ಒಡಲಿಗೆ ತಾಗದಂತೆ ನಡುವೆ ಬಟ್ಟೆ ಕೊಟ್ಟರು. ಅವನು ಫ್ಯಾನ್ ಹಾಕಿದ.

"ಒಣಗೋಕೆ ನಾಳೆ ಆಗುತ್ತೆ ಅಕ್ಕ. ಇವರ ಕೈಲಿ ಕಳಿಸಿಕೊಡ್ಲಾ?"

"ಇವನ ಕೈಲಾ? ದಾರೀಲಿ ಮಡಿಸಿಬಿಟ್ರೆ?" ಅತ್ತಿಗೆ ಒದ್ದೆ ಕೈಯನ್ನು ಒರೆಸಿಕೊಂಡು ಮಗುವಿಗೆ ತೋಳು ಚಾಚಿದಳು. "ನಾಳೆ ನಾನೇ ಬರ್ತೀನಿ. ನಿಮ್ಮ ಭಾವನ್ನೂ ಕರ್ಕೊಂಡು ಬರ್ತೀನಿ, ಊಟಕ್ಕೆ. ಈಗ ಕಾಫಿ ಮಾಡೇ, ಬೆನ್ನು ಬಿದ್ದುಹೋಯ್ತು."