ಹುಳ ಹಣ್ಣಾಗುವ ತನಕ

ರೇಷ್ಮೆಗೂಡು ಮಾರಲು ರಾಮನಗರಕ್ಕೆ ಬಂದ ದಿನ ಅಂಕಯ್ಯ ಒಂದು ತಪ್ಪು ಮಾಡಿದ್ದ. ಹತ್ತೇ ದಿನಕ್ಕೆ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿದ. ‘ಇಲ್ಲ’ ಎಂದು ಬಂದದ್ದೇ ಕುಣಿದಾಡಿಬಿಟ್ಟ.

ಆಪ್ತಸಮಾಲೋಚಕಿ ಸುಚಿತ್ರಾ ನಕ್ಕಳು. “ಚಾಕಿಯ ಎಳೆ ಹುಳ ತಂದ ದಿನವೇ ಗೂಡು ಬಿಡಿಸ್ತೀರಾ?”

“ಎಲ್ಲಾದ್ರೂ ಉಂಟಾ? ಹುಳ ಹಣ್ಣಾಗಿ ಗೂಡು ಕಟ್ಬೇಕು ಕಣವ್ವ.”

“ಸೋಂಕಿದ್ರೂ ಪರೀಕ್ಷೇಲಿ ಕಾಣೋಕೆ ಮೂರು ತಿಂಗಳು ಬೇಕಾಗಬಹುದು. ಅಲ್ಲೀವರೆಗೆ ಮನೇಲೂ ಕಾಂಡೋಮ್ ಬಳಸಿ, ಆಮೇಲೆ ಮತ್ತೆ ಬನ್ನಿ.”

“ಆಗ ಐತೆ ಅಂದ್ರೆ?”

“ಇನ್ನೆರಡು ಬೇರೆ ಕಿಟ್‌ನಲ್ಲೂ ನೋಡ್ತೀವಿ. ಮೂರೂ ಹೌದಂದ್ರೆ ಮಾತ್ರ ಹೌದು. ಅದಕ್ಕೂ ಮಾತ್ರೆ ಇದೆ.”

ಮೂರು ತಿಂಗಳಾದ ಮೇಲೂ ‘ಇಲ್ಲ’ ಎಂದೇ ಬಂತು. ಈ ಸಲ ಅಂಕಯ್ಯ ಕುಣಿಯಲಿಲ್ಲ. ಹೊರಗೆ ‘ಇಲ್ಲ’ ಎಂದು ಬಂದ ಚೀಟಿ ಹಿಡಿದು ಹಿಗ್ಗುತ್ತಿದ್ದ ಒಬ್ಬನನ್ನು ತಡೆದು ನಿಲ್ಲಿಸಿದ.

“ತಪ್ಪು ಮಾಡಿ ಎಷ್ಟ್ ದಿನ ಆಯ್ತ್ಲಾ?”

“ಒಂದ್ ವಾರ.”

“ಲೇ, ನಿಂದಿನ್ನೂ ಚಾಕಿ ಕಣ್ಲಾ! ಒಳಕ್ಕೋಗಿ ಆ ಅವ್ವನ್ ಮಾತು ಒಸಿ ಕೇಳು.”